ನಿಮಗಿದು ಗೊತ್ತೇ? ಚಿತ್ರ ಬಾರದಿದ್ದರೆ ಓದಬೇಕಾದ ಮಾತು

ವೆಬ್ ಪುಟಕ್ಕೆ ಚಿತ್ರ ಬಂದ ದಿನ ಅದರ ಹಿಂದೆ ಮಾತು ಬಂದಿರಲಿಲ್ಲ, ಗೊತ್ತೇ?

1993ರ ಫೆಬ್ರುವರಿ 25ರಂದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ ಆಂಡ್ರೀಸನ್ ಎಂಬ ಯುವಕ ಪುಟದೊಳಗೇ ಚಿತ್ರ ಕೂರಿಸಲು `IMG` ಎಂಬ ಟ್ಯಾಗನ್ನು ಸೂಚಿಸಿದ. ಚಿತ್ರ ಎಲ್ಲಿದೆ ಎಂದು ಹೇಳುವ `SRC` ಅದರಲ್ಲಿತ್ತು. ಚಿತ್ರ ತೋರಿಸಲು ಬ್ರೌಸರಿಗೆ ಆಗದಿದ್ದರೆ? ತನಗೆ ತೋಚಿದ್ದು ಮಾಡಿಕೊಳ್ಳಲಿ, ಬೇಕಾದರೆ ಯಾವುದೋ ಒಂದು ಗುರುತಿನ ಚಿತ್ರ ಇಡಲಿ ಎಂದುಬಿಟ್ಟಿದ್ದ.

ಆದರೆ ಚಿತ್ರವನ್ನು ತೋರಿಸಲು ಸಾಧ್ಯವೇ ಇಲ್ಲದ ಬ್ರೌಸರುಗಳು ಆಗಲೇ ಬಳಕೆಯಲ್ಲಿದ್ದವು. ಕಾನ್ಸಸ್ ವಿಶ್ವವಿದ್ಯಾಲಯದಲ್ಲಿ 1992ರಲ್ಲಿ ಹುಟ್ಟಿದ ಲಿಂಕ್ಸ್ ಎಂಬ ಬ್ರೌಸರಿನ ಪರದೆಯಲ್ಲಿ ಮೂಡುತ್ತಿದ್ದುದು ಅಕ್ಷರ ಮಾತ್ರ. ಅದು ಇಂದಿಗೂ ಜೀವಂತವಾಗಿದೆ. ಚಿತ್ರ ಎದುರಾದರೆ ಅದು ಕಂಸದೊಳಗೆ `[INLINE]` ಎಂದು ಬರೆದು ಮುಂದೆ ಹೋಗುತ್ತಿತ್ತು. ಏನೋ ಒಂದು ಇದೆ, ಏನೆಂದು ಕೇಳಬೇಡಿ ಎಂದಷ್ಟೇ ಅದರ ಅರ್ಥ.

ಈ ತೂತನ್ನು ಮುಚ್ಚಲು ಬಂದದ್ದು `ALT`. ಚಿತ್ರ ಬಾರದಿದ್ದರೆ ಅದರ ಜಾಗದಲ್ಲಿ ಓದಬೇಕಾದ ಮಾತನ್ನು ಇದರೊಳಗೆ ಬರೆಯಬೇಕು. 1995ರ ನವೆಂಬರ್‌ನಲ್ಲಿ ಪ್ರಕಟವಾದ ಎಚ್‌ಟಿಎಂಎಲ್ 2.0 ಮಾನದಂಡದಲ್ಲಿ ಇದಕ್ಕೆ ಜಾಗ ಸಿಕ್ಕಿತು, 1997ರ ಡಿಸೆಂಬರ್‌ನ 4.0ರಲ್ಲಿ ಇದು ಕಡ್ಡಾಯವಾಯಿತು.

ಈ ಮಾತು ಕಣ್ಣು ಕಾಣದವರಿಗಷ್ಟೇ ಅಲ್ಲ; ಆಗ ಕಣ್ಣಿದ್ದ ಎಷ್ಟೋ ಜನರೂ ಚಿತ್ರಗಳನ್ನು ನಿಲ್ಲಿಸಿಯೇ ಓದುತ್ತಿದ್ದರು.

ಸೆಕೆಂಡಿಗೆ 14.4 ಕಿಲೋಬಿಟ್ ಸಾಗಿಸುವ ಮೋಡೆಮ್‌ನಲ್ಲಿ 50 ಕಿಲೋಬೈಟಿನ ಒಂದು ಚಿತ್ರ ಇಳಿಯಲು ಅರ್ಧ ನಿಮಿಷದಷ್ಟು ಹಿಡಿಯುತ್ತಿತ್ತು. ಫೋನ್ ಬಿಲ್ಲು ನಿಮಿಷದ ಲೆಕ್ಕದಲ್ಲಿ ಏರುತ್ತಿತ್ತು. ನೆಟ್‌ಸ್ಕೇಪ್‌ನಲ್ಲಿ ಚಿತ್ರಗಳು ತಾವಾಗಿ ಬಾರದಂತೆ ಮಾಡುವ ಆಯ್ಕೆ ಇದ್ದದ್ದು ಇದಕ್ಕೇ. ಬರೆಯುವವನಿಗೆ ಓದುಗನ ಪರದೆಯಲ್ಲಿ ಚಿತ್ರ ಬಂತೋ ಇಲ್ಲವೋ ಅಂದೂ ತಿಳಿಯುತ್ತಿರಲಿಲ್ಲ, ಇಂದೂ ತಿಳಿಯುವುದಿಲ್ಲ. ಹಾಗಾಗಿ ಮಾತು ಎರಡೂ ಸಂದರ್ಭಕ್ಕೆ ಒಗ್ಗುವಂತಿರಬೇಕು.

ಒಂದೇ ಫೋಟೋಗೆ ಮೂರು ಬೇರೆ ಬೇರೆ ಮಾತು ಸರಿಯಾಗಬಹುದು!

ಎಷ್ಟೋ ಜನ ಎಡವುವುದು ಇಲ್ಲೇ. ಆಲ್ಟ್ ಎಂದರೆ ಚಿತ್ರದ ವರ್ಣನೆ ಎಂದುಕೊಂಡು ಚಿತ್ರವನ್ನು ನೋಡಿ ಬರೆಯುತ್ತಾರೆ. ನೋಡಬೇಕಾದದ್ದು ಚಿತ್ರ ಆ ಪುಟದಲ್ಲಿ ಏನು ಕೆಲಸ ಮಾಡುತ್ತಿದೆ ಎಂಬುದನ್ನು. ಕೆಆರ್‌ಎಸ್ ಅಣೆಕಟ್ಟೆಯ ಗೇಟುಗಳಿಂದ ನೀರು ಹೊರಬೀಳುತ್ತಿರುವ ಒಂದು ಫೋಟೋ ಇದೆ ಎನ್ನೋಣ.

ಮೊದಲನೆಯದು ಸುದ್ದಿ ಪುಟ. ಜಲಾಶಯ ಗರಿಷ್ಠ ಮಟ್ಟವಾದ 124.80 ಅಡಿ ಮುಟ್ಟಿದೆ, ನದಿಗೆ ನೀರು ಬಿಟ್ಟಿದ್ದಾರೆ. ಇಷ್ಟನ್ನೂ ಫೋಟೋದ ಕೆಳಗಿನ ಅಡಿಬರಹವೇ ಹೇಳುತ್ತಿದೆ. ಅದನ್ನೇ ಆಲ್ಟ್‌ನಲ್ಲಿ ಮತ್ತೆ ಬರೆದರೆ ಪುಟವನ್ನು ಸ್ಕ್ರೀನ್ ರೀಡರ್‌ನಿಂದ ಓದಿಸಿ ಕೇಳಿಸಿಕೊಳ್ಳುವವರು ಒಂದೇ ವಾಕ್ಯವನ್ನು ಎರಡು ಸಲ ಕೇಳಬೇಕು. ಇಲ್ಲಿ ಬೇಕಾದದ್ದು ಅಡಿಬರಹದಲ್ಲಿಲ್ಲದ, ಕಣ್ಣಿಗಷ್ಟೇ ಸಿಗುತ್ತಿದ್ದ ಸಂಗತಿ: ಎಷ್ಟು ರಭಸ, ಏನೇನು ಮುಳುಗಿದೆ.

```
<img src="DSC_0457.jpg" lang="kn"
 alt="ತೆರೆದ ಗೇಟುಗಳಿಂದ ನೊರೆಗಟ್ಟಿ ಧುಮುಕುತ್ತಿರುವ ನೀರು; ಕೆಳಗಿನ ಬಂಡೆಗಳು ಪೂರ್ತಿ ಮುಳುಗಿವೆ">
```

ಎರಡನೆಯದು ಒಂದು ಮುಖಪುಟ. ಅದೇ ಫೋಟೋ ಅಂಗೈಯ ಕಾಲುಭಾಗದಷ್ಟು ಚಿಕ್ಕದಾಗಿ ಮೂಲೆಯಲ್ಲಿದೆ, ಒತ್ತಿದರೆ ಆ ದಿನದ ಜಲಾಶಯ ಮಟ್ಟಗಳ ಪಟ್ಟಿ ತೆರೆಯುತ್ತದೆ. ಇಲ್ಲಿ ನೊರೆ, ಬಂಡೆ ಯಾರಿಗೂ ಬೇಡ. ಚಿತ್ರವೇ ಬಾಗಿಲಾಗಿರುವಾಗ ಬಾಗಿಲು ಎಲ್ಲಿಗೆ ಹೋಗುತ್ತದೆ ಎಂದು ಹೇಳಿದರೆ ಸಾಕು:

```
alt="ಇಂದಿನ ಜಲಾಶಯ ಮಟ್ಟ"
```

ಮೂರನೆಯದರಲ್ಲಿ ಅದೇ ಫೋಟೋ "ನಮ್ಮನ್ನು ಸಂಪರ್ಕಿಸಿ" ಎಂಬ ಪುಟದ ನೆತ್ತಿಯ ಮೇಲೆ ಅಲಂಕಾರಕ್ಕೆ ಕೂತಿದೆ. ತೆಗೆದುಹಾಕಿದರೂ ಯಾರಿಗೂ ಏನೂ ತಪ್ಪಿಹೋಗುವುದಿಲ್ಲ. ಅಲ್ಲಿ ಸರಿಯಾದ ಉತ್ತರ ಖಾಲಿ ಉದ್ಧರಣ ಚಿಹ್ನೆ:

```
alt=""
```

ಅನುಮಾನ ಬಂದರೆ ಮಾಡಿನೋಡಬಹುದಾದ ಪರೀಕ್ಷೆಯೊಂದನ್ನು ಎಚ್‌ಟಿಎಂಎಲ್ ಮಾನದಂಡವೇ ಕೊಡುತ್ತದೆ. ಆ ಪುಟವನ್ನು ಫೋನಿನಲ್ಲಿ ಇನ್ನೊಬ್ಬರಿಗೆ ಓದಿ ಹೇಳುತ್ತಿದ್ದೀರಿ, ಅಲ್ಲೊಂದು ಚಿತ್ರವಿದೆ ಎಂಬ ಮಾತನ್ನೇ ಎತ್ತುವಂತಿಲ್ಲ. ಆ ಜಾಗ ಬಂದಾಗ ನೀವು ಏನು ಹೇಳುತ್ತಿದ್ದಿರೋ ಅದೇ ಆಲ್ಟ್. "ಚಿತ್ರ:", "ಫೋಟೋದಲ್ಲಿ ಕಾಣುವಂತೆ" ಎಂದು ಶುರುಮಾಡುವುದು ಬೇಡವೆನ್ನುವುದೂ ಇದಕ್ಕೇ. ಸ್ಕ್ರೀನ್ ರೀಡರ್ ಹೇಗೂ ಇದು ಚಿತ್ರ ಎಂದು ತಾನೇ ಹೇಳಿಕೊಳ್ಳುತ್ತದೆ.

ಖಾಲಿ ಬಿಡುವುದು ಬೇರೆ, ಬರೆಯದೇ ಇರುವುದು ಬೇರೆ.

ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಹಾಗಲ್ಲ. `alt=""` ಎಂದರೆ "ಇಲ್ಲಿ ಹೇಳುವಂಥದ್ದೇನಿಲ್ಲ, ದಾಟಿ ಹೋಗು" ಎಂಬ ಸ್ಪಷ್ಟ ಅಪ್ಪಣೆ. ಸ್ಕ್ರೀನ್ ರೀಡರ್ ಸದ್ದಿಲ್ಲದೆ ದಾಟುತ್ತದೆ. ಆಲ್ಟ್ ಎಂಬುದೇ ಇಲ್ಲದಿದ್ದರೆ ಅದಕ್ಕೆ ಗೊಂದಲ. ಬಹಳ ಮುಖ್ಯವಾದದ್ದೇನೋ ಇರಬಹುದೆಂದು ಊಹಿಸಿ, ಎಷ್ಟೋ ಸಲ ಕಡತದ ಹೆಸರನ್ನೇ ಓದಲು ತೊಡಗುತ್ತದೆ. ಆ ಚಿತ್ರವೇ ಒಂದು ಲಿಂಕ್ ಆಗಿದ್ದರಂತೂ ಸರಿಯೇ ಸರಿ. "ಡಿ ಎಸ್ ಸಿ ಅಂಡರ್‌ಸ್ಕೋರ್ ಸೊನ್ನೆ ನಾಲ್ಕು ಐದು ಏಳು" ಎಂದು ಕಿವಿಗೆ ಬಿದ್ದರೆ ಆ ಪುಟ ಮಾಡಿದವರು ಆಲ್ಟ್ ಬರೆದಿಲ್ಲವೆಂದು ತಿಳಿಯಿರಿ.

ಅತಿಯಾಗಿ ಬರೆದವರ ಕಥೆಯೂ ಇದೆ. 90ರ ದಶಕದಲ್ಲಿ ಪುಟದ ಅಂಕಣಗಳ ನಡುವೆ ಅಂತರ ಬಿಡಲು ಒಂದು ಪಿಕ್ಸೆಲ್ಲಿನ ಪಾರದರ್ಶಕ ಚಿತ್ರವನ್ನು ಹಿಗ್ಗಿಸಿ ತುರುಕುತ್ತಿದ್ದರು. ಕೆಲವು ಶ್ರದ್ಧಾವಂತರು ಅವಕ್ಕೂ `alt="spacer"` ಎಂದು ಬರೆದರು. ಕಣ್ಣಿಗೆ ಕಾಣದ ಆ ಚಿತ್ರ ಕಿವಿಗೆ ಮಾತ್ರ ಸ್ಪೇಸರ್, ಸ್ಪೇಸರ್, ಸ್ಪೇಸರ್ ಎಂದು ಪುಟದುದ್ದಕ್ಕೂ ಕೇಳಿಸುತ್ತಿತ್ತು.

ಹಳದಿ ಚೌಕದಿಂದ ಕೆಟ್ಟ ಅಭ್ಯಾಸ

ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಹಳೆಯ ಆವೃತ್ತಿಗಳಲ್ಲಿ ಮೌಸನ್ನು ಚಿತ್ರದ ಮೇಲೆ ನಿಲ್ಲಿಸಿದರೆ ಆಲ್ಟ್‌ನಲ್ಲಿರುವ ಮಾತು ಪುಟ್ಟ ಹಳದಿ ಚೌಕದಲ್ಲಿ ಮೂಡುತ್ತಿತ್ತು. ಚಿತ್ರದ ಬದಲಿಗೆ ಇರಬೇಕಾದದ್ದು ಚಿತ್ರದ ಜೊತೆಗೆ ಬಂದುಬಿಟ್ಟಿತು. ಜನ ಅದನ್ನು ಟಿಪ್ಪಣಿ ಎಂದುಕೊಂಡು "ದೊಡ್ಡದಾಗಿ ನೋಡಲು ಇಲ್ಲಿ ಒತ್ತಿ", "ನಮ್ಮ ಹೆಮ್ಮೆಯ ಉತ್ಪನ್ನ" ಎಂದೆಲ್ಲ ಬರೆಯತೊಡಗಿದರು. ಚಿತ್ರ ಬಾರದವರಿಗೆ ಸಿಕ್ಕಿದ್ದು ಬರೀ ಹೆಮ್ಮೆ. 2009ರಲ್ಲಿ ಬಂದ ಎಂಟನೇ ಆವೃತ್ತಿ ಈ ಚೌಕವನ್ನು ಕೈಬಿಟ್ಟಿತು. ಅಂಥ ಟಿಪ್ಪಣಿಗೆಂದೇ `title` ಎಂಬ ಬೇರೆ ಗುಣಲಕ್ಷಣವಿದೆ.

ಆಲ್ಟ್ ಇಲ್ಲದ್ದಕ್ಕೆ ಒಲಿಂಪಿಕ್ಸ್ ಸಮಿತಿ ಪರಿಹಾರ ತೆತ್ತಿತು!

ಬ್ರೂಸ್ ಮ್ಯಾಗೈರ್ ಆಸ್ಟ್ರೇಲಿಯಾದವರು, ಹುಟ್ಟಿನಿಂದ ಕಣ್ಣು ಕಾಣದು. ಅವರು ಕಂಪ್ಯೂಟರ್ ಓದುತ್ತಿದ್ದದ್ದು ಬ್ರೈಲ್ ಸಾಧನದಿಂದ. ಪರದೆಯ ಒಂದೊಂದು ತುಣುಕನ್ನು ಚುಕ್ಕೆಗಳಾಗಿ ಎಬ್ಬಿಸಿ ಬೆರಳಿಗೆ ಒದಗಿಸುವ ಯಂತ್ರ ಅದು. ಸಿಡ್ನಿ ಒಲಿಂಪಿಕ್ಸ್‌ನ ಅಧಿಕೃತ ತಾಣ ತೆರೆದರೆ ಚಿತ್ರಗಳಿಗೂ ಚಿತ್ರರೂಪದ ಲಿಂಕುಗಳಿಗೂ ಆಲ್ಟ್ ಇಲ್ಲ, ವೇಳಾಪಟ್ಟಿಯ ಪುಟದಿಂದ ಕ್ರೀಡೆಗಳ ಪಟ್ಟಿಗೆ ಹೋಗಲು ದಾರಿಯಿಲ್ಲ. 1999ರಲ್ಲಿ ಅವರು ದೂರು ಕೊಟ್ಟರು.

ಇದನ್ನೆಲ್ಲ ಸರಿಪಡಿಸುವುದು ವಿಪರೀತ ಹೊರೆ ಎಂದು ಸಂಘಟನಾ ಸಮಿತಿ ವಾದಿಸಿತು. ಒಬ್ಬ ವ್ಯಕ್ತಿ ಕೂತು ಮಾಡಿದರೆ ಒಂದು ವರ್ಷ ಮೀರುವಷ್ಟು ಕೆಲಸ ಎಂದು ಲೆಕ್ಕ ಕೊಟ್ಟಿತು. ಮ್ಯಾಗೈರ್ ಪರವಾಗಿ ಬಂದ ತಜ್ಞರು ಆ ಲೆಕ್ಕವನ್ನು ಒಪ್ಪಲಿಲ್ಲ. ದೊಡ್ಡ ತಾಣಗಳಲ್ಲಿ ಪ್ರತಿ ಪುಟವನ್ನೂ ಕೈಯಲ್ಲಿ ಬರೆಯುವುದಿಲ್ಲ, ಅಚ್ಚುಗಳಿಂದ ತಯಾರಿಸುತ್ತಾರೆ. ಅಚ್ಚನ್ನು ಒಮ್ಮೆ ತಿದ್ದಿದರೆ ಅದರಿಂದ ಹುಟ್ಟುವ ಪುಟಗಳೆಲ್ಲ ತಿದ್ದಿಹೋಗುತ್ತವೆ. ಮಾನವ ಹಕ್ಕು ಮತ್ತು ಸಮಾನ ಅವಕಾಶ ಆಯೋಗ 2000ದ ಆಗಸ್ಟ್ 24ರಂದು ಮ್ಯಾಗೈರ್ ಪರ ತೀರ್ಪು ಕೊಟ್ಟು, ಕ್ರೀಡಾಕೂಟ ಶುರುವಾಗುವ ಸೆಪ್ಟೆಂಬರ್ 15ರೊಳಗೆ ತಾಣ ಸರಿಯಾಗಬೇಕೆಂದಿತು. ಪೂರ್ತಿ ಆಗಲಿಲ್ಲ. ನವೆಂಬರ್‌ನಲ್ಲಿ ಮ್ಯಾಗೈರ್ ಅವರಿಗೆ 20,000 ಆಸ್ಟ್ರೇಲಿಯನ್ ಡಾಲರ್ ಪರಿಹಾರ ಕೊಡುವಂತೆ ಸಮಿತಿಗೆ ಆದೇಶವಾಯಿತು. ಆ ಮೊತ್ತ ಒಲಿಂಪಿಕ್ಸ್‌ಗೆ ಯಾವ ಲೆಕ್ಕವೂ ಅಲ್ಲ. ಆದರೆ ಜಗತ್ತಿನ ಎಷ್ಟೋ ಕಡೆ ವಕೀಲರು ಆಲ್ಟ್ ಎಂಬ ಹೆಸರನ್ನು ಮೊದಲ ಸಲ ಕೇಳಿದ್ದು ಆಗಲೇ ಇದ್ದೀತು.

ಇಮೇಲಿನಲ್ಲಿ ಚಿತ್ರ ಬರದಿರುವುದು ಬೇಕೆಂದೇ.

ಚಿತ್ರ ನಿಮ್ಮ ಪರದೆಗೆ ಇಳಿದ ಗಳಿಗೆಯೇ ಕಳಿಸಿದವರ ಸರ್ವರಿಗೆ ಸುದ್ದಿ ಹೋಗುತ್ತದೆ: ಈತ ಪತ್ರ ತೆರೆದ. ಇದಕ್ಕೆಂದೇ ಒಂದು ಪಿಕ್ಸೆಲ್ಲಿನ ಬೇಹುಚಿತ್ರ ಇಡುವವರಿದ್ದಾರೆ. ಹಾಗಾಗಿ ಔಟ್‌ಲುಕ್ 2003ರಿಂದ ಹೊರಗಿನ ಚಿತ್ರಗಳನ್ನು ತಡೆದು, ಬೇಕಾದರೆ ಒತ್ತಿ ತರಿಸಿಕೊಳ್ಳಿ ಎನ್ನುತ್ತದೆ. ಜಿಮೇಲ್ 2013ರ ಡಿಸೆಂಬರ್‌ನಿಂದ ಚಿತ್ರಗಳನ್ನು ತನ್ನ ಸರ್ವರಿನ ಮೂಲಕ ಹಾಯಿಸಿ ತೋರಿಸುತ್ತಿದೆ. ಕಳಿಸುವವರಿಗೆ ಯಾರ ಬಳಿ ಯಾವುದಿದೆಯೋ ತಿಳಿಯದು.

ಇಲ್ಲೊಂದು ಸೂಕ್ಷ್ಮವಿದೆ. ಬದಲಿ ಮಾತು ಸುತ್ತಲಿನ ಅಕ್ಷರದ ಬಣ್ಣವನ್ನೇ ಪಡೆಯುತ್ತದೆ. ಕಡುನೀಲಿ ಚಿತ್ರದ ಮೇಲೆ ಕಾಣಲೆಂದು ಅಕ್ಷರವನ್ನು ಬಿಳಿ ಮಾಡಿದ್ದು, ಚಿತ್ರ ಬರದೆ ಹಿನ್ನೆಲೆಯೂ ಬಿಳಿಯಾಗಿಯೇ ಉಳಿದರೆ ಆಲ್ಟ್ ಇದ್ದೂ ಕಾಣುವುದಿಲ್ಲ. ಚಿತ್ರದ ಹಿಂದಿನ ಜಾಗಕ್ಕೂ ಅದೇ ನೀಲಿ ಬಳಿದಿಟ್ಟರೆ ತೊಂದರೆಯಿಲ್ಲ.

125 ಅಕ್ಷರದ ಕಟ್ಟಳೆ ಎಲ್ಲೂ ಇಲ್ಲ.

ಆಲ್ಟ್ ಅಷ್ಟೇ ಉದ್ದ ಇರಬೇಕೆಂದು ಬಹಳ ಜನ ಹೇಳುತ್ತಾರೆ. ಮಾನದಂಡದಲ್ಲಿ ಅಂಥ ಮಿತಿಯಿಲ್ಲ. ನಿಜವಾದ ಮಿತಿ ಬೇರೆಯದು. ಆಲ್ಟ್‌ನೊಳಗೆ ಪ್ಯಾರಾ, ಪಟ್ಟಿ, ಲಿಂಕ್ ಯಾವುದೂ ನಿಲ್ಲುವುದಿಲ್ಲ, ಎಲ್ಲವೂ ಒಂದೇ ಉಸಿರಿನ ಸಾಲು. ಹತ್ತು ವರ್ಷದ ಮಳೆಯ ಲೆಕ್ಕದ ನಕ್ಷೆಯನ್ನು ಅದರೊಳಗೆ ತುಂಬಿದರೆ ಕೇಳುವವರು ಹಿಂದೆ ಮುಂದೆ ಹೋಗಲಾರರು. ಅಂಥಲ್ಲಿ ಅಂಕಿಗಳನ್ನು ಪುಟದಲ್ಲೇ ಕೋಷ್ಟಕವಾಗಿ ಕೊಟ್ಟು, ಆಲ್ಟ್‌ನಲ್ಲಿ ನಕ್ಷೆ ಯಾವುದು, ಏರಿತೇ ಇಳಿಯಿತೇ ಎಂದಷ್ಟೇ ಬರೆಯುವುದು ಮೇಲು.

ಕನ್ನಡದ ಆಲ್ಟ್‌ಗೆ ಎರಡಕ್ಷರದ ಗುರುತು ಬೇಕು.

ಮೇಲಿನ ಮೊದಲ ಉದಾಹರಣೆಯಲ್ಲಿ `lang="kn"` ಎಂದಿದ್ದನ್ನು ಗಮನಿಸಿರಬಹುದು. ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಜೊತೆಗೆ ಬರುವ ಇಸ್ಪೀಕ್ ಧ್ವನಿಗೆ ಕನ್ನಡ ಬರುತ್ತದೆ, ಸ್ವಲ್ಪ ಲೋಹದ ದನಿ ಅಷ್ಟೇ. ಆದರೆ ಇದು ಕನ್ನಡ ಎಂದು ಪುಟ ಹೇಳಬೇಕು. ಹೇಳದಿದ್ದರೆ ಇಂಗ್ಲಿಷ್ ಧ್ವನಿಯೇ ಮುಂದುವರಿದು ಕನ್ನಡ ಅಕ್ಷರಗಳನ್ನು ನುಂಗುವುದೋ ಒಂದೊಂದಾಗಿ ಹೆಸರಿಸುವುದೋ ಆಗಬಹುದು. ಇಡೀ ಪುಟ ಕನ್ನಡವಾದರೆ ಮೇಲಿನ `html` ಟ್ಯಾಗಿನಲ್ಲಿ ಒಮ್ಮೆ ಬರೆದರೆ ಸಾಕು.

ನಮ್ಮಲ್ಲಿ ಇದಕ್ಕಿಂತ ದೊಡ್ಡ ತೊಡಕು ಪೋಸ್ಟರುಗಳದ್ದು. ಆಹ್ವಾನ ಪತ್ರಿಕೆ, ಸಂಘದ ಪ್ರಕಟಣೆ, ಇಲಾಖೆಯ ಸೂಚನೆ ಎಲ್ಲವೂ ಒಂದು ಚಿತ್ರವಾಗಿ ತಾಣಕ್ಕೆ ಏರುತ್ತವೆ. ಅಕ್ಷರಗಳೆಲ್ಲ ಆಗ ಬರೀ ಬಣ್ಣದ ಚುಕ್ಕೆಗಳು. ಅದಕ್ಕೆ "ಆಹ್ವಾನ ಪತ್ರಿಕೆ" ಎಂದು ಆಲ್ಟ್ ಬರೆದವರು ಲಕೋಟೆಯನ್ನು ಕೊಟ್ಟು ಕಾಗದವನ್ನು ಇಟ್ಟುಕೊಂಡ ಹಾಗೆ. ಚಿತ್ರದಲ್ಲಿರುವುದು ಅಕ್ಷರವೇ ಆದರೆ ಆಲ್ಟ್ ಕೂಡ ಅದೇ ಅಕ್ಷರ: ಏನು, ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಯಾರು ಬರುತ್ತಾರೆ. ಹೆಸರುಗಳ ಸಾಲು ಉದ್ದವಾಗಿದ್ದರೆ ಅದನ್ನು ಪುಟದಲ್ಲೇ ಟೈಪು ಮಾಡಿ ಹಾಕುವುದು ವಾಸಿ. ಹಾಗೆ ಮಾಡಿದರೆ ಚಿತ್ರ ಅಲಂಕಾರವಾಗುತ್ತದೆ, ಅದರ ಆಲ್ಟ್ ಖಾಲಿ ಇರಬಹುದು.

ನಿಮ್ಮ ಪುಟ ಹೇಗಿದೆ ಎಂದು ನೋಡಬೇಕೇ? ಫೈರ್‌ಫಾಕ್ಸ್‌ನ ವಿಳಾಸಪಟ್ಟಿಯಲ್ಲಿ `about:config` ಎಂದು ಟೈಪಿಸಿ, `permissions.default.image` ಹುಡುಕಿ, ಅದರ ಬೆಲೆಯನ್ನು 2 ಮಾಡಿ, ಪುಟವನ್ನು ಮತ್ತೆ ತೆರೆಯಿರಿ. ಚಿತ್ರಗಳ ಜಾಗದಲ್ಲಿ ಆಲ್ಟ್‌ನ ಮಾತು ಸಾಲಿನೊಳಗೇ ಬೆರೆತು ಬರುತ್ತದೆ. ನೋಡಿದ ಮೇಲೆ ಬೆಲೆಯನ್ನು 1ಕ್ಕೆ ಮರಳಿಸಬೇಕು.