ಒಂದು ಕರಪತ್ರ, ಎರಡು ಬಿಲ್

ಆಷಾಢ ಬಂತೆಂದರೆ ಮದುವೆ ಸೀರೆಯ ವ್ಯಾಪಾರ ಇಳಿಯುತ್ತದೆ, ಜವಳಿ ಅಂಗಡಿಗಳಲ್ಲಿ ರಿಯಾಯಿತಿ ಏರುತ್ತದೆ. ಅಂಥ ಒಂದು ಅಂಗಡಿಯ ಪಾಂಪ್ಲೆಟ್ ಹೀಗಿದೆ ಎಂದುಕೊಳ್ಳಿ. ಒಂದು ಬದಿಯಲ್ಲಿ ಇಂಗ್ಲಿಷ್: ‘ಅಪ್ ಟು 50% ಆಫ್ ಆನ್ ಸೆಲೆಕ್ಟೆಡ್ ಸಾರೀಸ್. ಬೈ ಟೂ, ಗೆಟ್ ಒನ್ ಫ್ರೀ. ವ್ಯಾಲಿಡ್ ಟಿಲ್ ಜುಲೈ 20.’ ಕೆಳಗೆ ಪುಟ್ಟ ಅಕ್ಷರದಲ್ಲಿ ಷರತ್ತುಗಳು. ಇನ್ನೊಂದು ಬದಿಯಲ್ಲಿ ಕನ್ನಡ: ‘ಸೀರೆಗಳ ಮೇಲೆ 50% ರಿಯಾಯಿತಿ! ಎರಡು ಕೊಂಡರೆ ಒಂದು ಉಚಿತ. ಆಷಾಢ ಮಾಸ ಪೂರ್ತಿ.’ ಇಲ್ಲಿ ಷರತ್ತುಗಳೇ ಇಲ್ಲ. ಜಾಗ ಸಾಲಲಿಲ್ಲವಂತೆ.

ಓದಿದರೆ ಎರಡೂ ಒಂದೇ ಅನ್ನಿಸುತ್ತದೆ. ಬಿಲ್ ಹಾಕಿ ನೋಡಿದಾಗ ಬಣ್ಣ ಬಯಲಾಗುತ್ತದೆ. 800, 1,200 ಮತ್ತು 1,500 ರೂಪಾಯಿಯ ಮೂರು ಸೀರೆಗಳನ್ನು ಗ್ರಾಹಕಿಯೊಬ್ಬರು ಕೌಂಟರಿಗೆ ತಂದರು. ಇಂಗ್ಲಿಷ್ ಬದಿಯ ಷರತ್ತಿನ ಪ್ರಕಾರ ಮೂರರಲ್ಲಿ ಅತಿ ಕಡಿಮೆ ಬೆಲೆಯದು ಉಚಿತ, ಹಾಗಾಗಿ ಬಿಲ್ 2,700. ಕನ್ನಡ ಬದಿ ನಂಬಿ ಬಂದವರು ‘1,500ರದ್ದೇ ಫ್ರೀ ಹಾಕಿ’ ಎಂದರೆ ಬಿಲ್ 2,000. ಏಳುನೂರು ರೂಪಾಯಿಯ ಈ ಜಗಳದಲ್ಲಿ ತಪ್ಪು ಅವರದಲ್ಲ. ಕರಪತ್ರ ತಿದ್ದುವವರು ಮೊದಲು ಮಾಡಬೇಕಾದ ಪರೀಕ್ಷೆ ಇದೇ: ಒಂದೇ ಖರೀದಿಗೆ ಎರಡೂ ಬದಿಯಿಂದ ಬೇರೆ ಬೇರೆ ಬಿಲ್ ಹಾಕಿ ನೋಡುವುದು.

ದಿನಾಂಕದ ಗೊಂದಲ ಇನ್ನೂ ಸೂಕ್ಷ್ಮ. ಆಷಾಢ ಮುಗಿಯುವುದು ಭೀಮನ ಅಮಾವಾಸ್ಯೆಗೆ. 2025ರಲ್ಲಿ ಅದು ಬಂದದ್ದು ಜುಲೈ 24ಕ್ಕೆ. ಅಂದರೆ ಆ ವರ್ಷ ಹಂಚಿದ್ದರೆ ಕನ್ನಡ ಓದಿದವರಿಗೆ ನಾಲ್ಕು ದಿನ ಹೆಚ್ಚು ಕೊಟ್ಟಂತಾಗುತ್ತಿತ್ತು. ‘ಆಷಾಢ’ ಎಂಬ ಪದವನ್ನು ತಲೆಬರಹದಲ್ಲಿ ಉಳಿಸಿಕೊಳ್ಳಿ, ಅದಕ್ಕೊಂದು ಸೆಳೆತವಿದೆ. ಅವಧಿ ಹೇಳುವಾಗ ಮಾತ್ರ ಎರಡೂ ಕಡೆ ತಾರೀಖೇ ಇರಲಿ. ‘ಜುಲೈ 20ರವರೆಗೆ’ ಎಂದರೆ ಆ ದಿನ ಸೇರಿತೋ ಇಲ್ಲವೋ ಎಂಬ ಅನುಮಾನವೂ ಬೇಡ. ‘ಜುಲೈ 20ರ ರಾತ್ರಿ 9ರವರೆಗೆ’ ಎಂದರೆ ಮುಗಿಯಿತು.

ಇಂಥ ವ್ಯತ್ಯಾಸ ಹುಟ್ಟುವುದು ಒಂದು ಭಾಷೆಯ ಕರಪತ್ರ ಪೂರ್ತಿ ಸಿದ್ಧವಾದ ಮೇಲೆ ಇನ್ನೊಂದನ್ನು ಅವಸರದಲ್ಲಿ ಅದಕ್ಕೆ ಹೊಂದಿಸುವಾಗ. ಅದರ ಬದಲು ಮಾಲೀಕರನ್ನು ಕೂರಿಸಿಕೊಂಡು, ಯಾವ ಮಾಲಿಗೆ ಎಷ್ಟು ರಿಯಾಯಿತಿ, ಯಾವತ್ತಿನಿಂದ ಯಾವತ್ತಿನ ತನಕ, ಯಾವ ಶಾಖೆಯಲ್ಲಿ, ಬದಲಾಯಿಸಿ ಕೊಡುತ್ತೀರಾ ಎಂದು ಕೇಳಿ ಚೀಟಿಯಲ್ಲಿ ಬರೆದುಕೊಳ್ಳಿ. ಎರಡೂ ಬದಿ ಆ ಚೀಟಿಯಿಂದಲೇ ಹುಟ್ಟಲಿ. ಆಗ ಕನ್ನಡದ ಸಾಲು ಹೀಗಾದೀತು: ‘ಆಯ್ದ ಸೀರೆಗಳಿಗೆ 50%ವರೆಗೆ ರಿಯಾಯಿತಿ. ಎರಡು ಸೀರೆ ಕೊಂಡರೆ ಮೂರನೆಯದು ಉಚಿತ. ಮೂರರಲ್ಲಿ ಕಡಿಮೆ ಬೆಲೆಯದಕ್ಕೆ ದುಡ್ಡಿಲ್ಲ.’ ಆ ‘ವರೆಗೆ’ಯನ್ನು ಶೇಕಡಾ ಅಂಕಿಯಷ್ಟೇ ದಪ್ಪಕ್ಕೆ ಹಾಕಿಸಿ. ವಿನ್ಯಾಸಕಾರರಿಗೆ ಇಷ್ಟವಾಗಲಿಕ್ಕಿಲ್ಲ, ಆಗದಿದ್ದರೆ ಬಿಡಿ.

ಷರತ್ತು ಒಂದೇ ಬದಿಯಲ್ಲಿದ್ದರೆ ಸಾಕೆನ್ನುವವರಿಗೆ ಕಾನೂನು ಕೂಡ ಒಪ್ಪುವುದಿಲ್ಲ. ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ, ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಅದರ ಷರತ್ತು–ವಿವರಣೆಯೂ ಅದೇ ಭಾಷೆಯಲ್ಲಿರಬೇಕು ಎನ್ನುತ್ತದೆ. ಜಾಗದ ಸಮಸ್ಯೆ ನಿಜ. ಒತ್ತಕ್ಷರ ಕೆಳಗಿಳಿಯುವುದರಿಂದ ಕನ್ನಡದ ಸಾಲುಗಳಿಗೆ ಹೆಚ್ಚು ಅಂತರ ಬೇಕು. ಇಂಗ್ಲಿಷಿನ ಪುಟ್ಟ ಅಳತೆಯನ್ನೇ ಇಟ್ಟರೆ ‘ಷರತ್ತು’ ಬರೀ ಮಸಿಯಾಗುತ್ತದೆ. ಅಕ್ಷರ ಕುಗ್ಗಿಸುವುದಕ್ಕಿಂತ ಹಿನ್ನೆಲೆಯ ದೀಪ, ತೋರಣಗಳಲ್ಲಿ ಒಂದೆರಡನ್ನು ತೆಗೆಸುವುದು ವಾಸಿ.

ಧಾಟಿಯ ಮಾತೂ ಇದೆ. ಇಂಗ್ಲಿಷ್ ಬದಿ ‘ಹರಿ! ಗ್ರ್ಯಾಬ್ ನೌ!’ ಎಂದು ಕೂಗುತ್ತಿದ್ದರೆ, ಕನ್ನಡ ಬದಿ ಲಗ್ನಪತ್ರಿಕೆಯ ಹಾಗೆ ‘ತಾವು ಸಕುಟುಂಬ ಸಮೇತರಾಗಿ ಆಗಮಿಸಿ’ ಎನ್ನುತ್ತಿರುತ್ತದೆ. ಎರಡೂ ಒಂದೇ ಅಂಗಡಿಯವರ ಮಾತೆನಿಸುವುದಿಲ್ಲ. ಕೌಂಟರಿನಲ್ಲಿ ನಿಂತವರು ಗ್ರಾಹಕರೊಡನೆ ಆಡುವ ಮಾತೇ ಅಳತೆಗೋಲು: ‘ಬನ್ನಿ, ನೋಡಿ, ಇಷ್ಟವಾದರೆ ತಗೊಳ್ಳಿ.’ ಇಂಗ್ಲಿಷನ್ನೂ ಅಷ್ಟೇ ಸಮಾಧಾನಕ್ಕೆ ಇಳಿಸಬಹುದು.

ಕೊನೆಗೆ ಡಿಟಿಪಿ. ಯುನಿಕೋಡಿನಲ್ಲಿ ಟೈಪಾದ ಕನ್ನಡವನ್ನು ಎಷ್ಟೋ ಕಡೆ ಇಂದಿಗೂ ನುಡಿಯ ಹಳೆಯ ಆಸ್ಕಿ ಫಾಂಟಿಗೆ ಬದಲಾಯಿಸಿಯೇ ಪುಟ ಕಟ್ಟುತ್ತಾರೆ. ಈ ಫಾಂಟು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡ ಅಕ್ಷರದ ತುಣುಕುಗಳನ್ನು ಕೂರಿಸುವಂಥದ್ದು. ಹಾಗಾಗಿ ನಡುವೆ ಬಂದ ಬ್ರ್ಯಾಂಡಿನ ಇಂಗ್ಲಿಷ್ ಹೆಸರು ಅರ್ಥವಿಲ್ಲದ ಕನ್ನಡವಾಗಿಬಿಡಬಹುದು, ₹ ಗುರುತು ಮಾಯವಾಗಬಹುದು. ವಾಟ್ಸ್ಆ್ಯಪಿಗೆ ಬಂದ ಚಿತ್ರ ನೋಡಿ ‘ಓಕೆ’ ಎನ್ನದೆ ಕಾಗದದ ಮೇಲೆ ಪ್ರೂಫ್ ತೆಗೆಸಿ. ಒಬ್ಬರು ಕನ್ನಡ ಬದಿಯ ಅಂಕಿ, ತಾರೀಖುಗಳನ್ನು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಇಂಗ್ಲಿಷ್ ಬದಿಯಲ್ಲಿ ಗುರುತು ಹಾಕುತ್ತಾ ಹೋಗಲಿ. ಫೋನ್ ನಂಬರನ್ನು ಓದಿದರೆ ಸಾಲದು, ಡಯಲ್ ಮಾಡಿಯೇ ನೋಡಬೇಕು.