ಬಿಡಬಹುದಾದ ಕೋಷ್ಟಕ, ಬಿಡಬಾರದ ಸಾಲು

ಮೈಸೂರಿನ ಕಾಲೇಜೊಂದರಲ್ಲಿ ಕಳೆದ ತಿಂಗಳು ನಡೆದ ಕಮ್ಮಟವೊಂದನ್ನು ನೋಡಿಬಂದ ನಾನು, ಅಲ್ಲಿ ಕಂಡುದನ್ನು ಇನ್ನೂ ಮನಸ್ಸಿನಲ್ಲಿ ಮೆಲುಕುಹಾಕುತ್ತಲೇ ಇದ್ದೇನೆ. ಸಮ್ಮೇಳನಗಳಿಗೆ ಹೊರಟ ಸಂಶೋಧನ ವಿದ್ಯಾರ್ಥಿಗಳಿಗೆ ಪೂರ್ಣ ಪ್ರಬಂಧವನ್ನು ಪೋಸ್ಟರಿಗೆ ಇಳಿಸುವ ಬಗೆಯನ್ನು ಕಲಿಸುತ್ತಿದ್ದ ಅಧ್ಯಾಪಕಿಯವರು, ತನ್ನದೆಂಬ ಮಮತೆ ಯಾರಿಗೂ ಅಡ್ಡಬಾರದಿರಲೆಂದು, ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಅವರು 1950ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ, ಧೂಮಪಾನ ಮತ್ತು ಶ್ವಾಸಕೋಶದ ಕ್ಯಾನ್ಸರನ್ನು ಕುರಿತ ಹತ್ತು ಪುಟಗಳ ಪ್ರಬಂಧವನ್ನು ಎಲ್ಲರ ಕೈಗೂ ಕೊಟ್ಟಿದ್ದರು.

ವಿಜ್ಞಾನಿಗಳು ತಮ್ಮ ಕೆಲಸವನ್ನು ಗೋಡೆಗೆ ತೂಗುಹಾಕಿ ಪಕ್ಕದಲ್ಲಿ ನಿಲ್ಲುವ ಪದ್ಧತಿ ಅರ್ಧ ಶತಮಾನದಷ್ಟು ಹಳೆಯದು. ಹಾಳೆಯ ಅಳತೆ ಸಾಮಾನ್ಯವಾಗಿ ಎ0, ಅಂದರೆ ಸುಮಾರು 84 ಸೆಂಟಿಮೀಟರ್ ಅಗಲ, 119 ಸೆಂಟಿಮೀಟರ್ ಎತ್ತರ. ಅಷ್ಟರಲ್ಲಿ ಹಿಡಿಸಲು ಹೊರಟಾಗ, ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದಾದ ಮರಣಗಳು 1922ರಲ್ಲಿದ್ದ 612ರಿಂದ 1947ರಲ್ಲಿ 9,287ಕ್ಕೆ ಏರಿದುದನ್ನು ಹೇಳುವ ಪ್ರಬಂಧದ ಪೀಠಿಕೆಯ ವೃತ್ತಾಂತವು ಮೊದಲ ಅರ್ಧ ಗಂಟೆಯಲ್ಲೇ ಒಂದು ವಾಕ್ಯವಾಯಿತು. ಸೇದಲಾರಂಭಿಸಿದ ವಯಸ್ಸು, ಪೈಪು-ಸಿಗರೇಟುಗಳ ಭೇದ ಮೊದಲಾದ ಕೋಷ್ಟಕಗಳು ಪೋಸ್ಟರಿನಿಂದ ಇಳಿದು, ಕೇಳಿದವರಿಗೆ ತೋರಿಸಲು ಕೈಯಲ್ಲಿರುವ ಪ್ರತಿಯಲ್ಲಿಯೇ ಉಳಿದುವು. ಈ ಭಾಗದಲ್ಲಿ ಯಾರಿಗೂ ಕಷ್ಟವಾಗಲಿಲ್ಲ.

ಕಷ್ಟವಾದುದು ಉಳಿಸಿದ ಒಂದೇ ಕೋಷ್ಟಕದಲ್ಲಿ. ಕ್ಯಾನ್ಸರ್ ಪೀಡಿತರಾದ 649 ಗಂಡಸರನ್ನು, ಬೇರೆ ರೋಗಗಳಿಗಾಗಿ ಆಸ್ಪತ್ರೆ ಸೇರಿದ್ದ ಅಷ್ಟೇ ಮಂದಿ ಗಂಡಸರೊಡನೆ ಹೋಲಿಸುವ ಆ ಕೋಷ್ಟಕದಲ್ಲಿ, ಸೇದದವರು ಮೊದಲನೆಯ ಗುಂಪಿನಲ್ಲಿ 2, ಎರಡನೆಯದರಲ್ಲಿ 27. ಒಬ್ಬ ತರುಣ ಈ ಜೋಡಿಯನ್ನು ಮಾತ್ರ ಇಟ್ಟುಕೊಂಡು ಉಳಿದ ಐದು ಜೋಡಿಗಳನ್ನೂ ಅಳಿಸಿದ್ದ. "ಎರಡೇ ಎರಡು ಮಂದಿಯ ಮೇಲೆ ಗೋಡೆ ಕಟ್ಟಿದ್ದೀಯಪ್ಪ" ಎಂದರು ಅಧ್ಯಾಪಕಿ. ದಿನಕ್ಕೆ 5ರಿಂದ 14 ಸಿಗರೇಟು ಸೇದುವವರಲ್ಲಿ 250ಕ್ಕೆ 293, 15ರಿಂದ 24ರವರಲ್ಲಿ 196ಕ್ಕೆ 190, 25ರಿಂದ 49ರವರಲ್ಲಿ 136ಕ್ಕೆ 71 ಎಂದು ತಕ್ಕಡಿ ನಿಧಾನವಾಗಿ ಒಂದು ಕಡೆಗೆ ವಾಲುತ್ತ ಹೋಗುವುದೇ ಇಲ್ಲಿನ ಸಾಕ್ಷ್ಯವಾದುದರಿಂದ, ಅಂಕಿಗಳ ಚೌಕಳಿ ಅಳಿದು ಆರು ಜೋಡಿ ಸ್ತಂಭಗಳು ಆ ಜಾಗದಲ್ಲಿ ನಿಂತುವು.

ಶೀರ್ಷಿಕೆಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ತಪ್ಪಾಯಿತು. ಮುಖ್ಯ ಫಲಿತಾಂಶವೊಂದನ್ನೇ ಪೋಸ್ಟರಿನ ನಡುವೆ ದಪ್ಪಕ್ಷರದ ಸರಳ ವಾಕ್ಯವಾಗಿ ಬರೆಯಬೇಕೆಂದು 2019ರಲ್ಲಿ ಮೈಕ್ ಮಾರಿಸನ್ ಎಂಬ ಅಮೆರಿಕದ ಸಂಶೋಧಕರು ಪ್ರಚಾರಕ್ಕೆ ತಂದ ಮಾದರಿಯ ಬಗ್ಗೆ ನನಗೆ ಪೂರ್ಣ ವಿಶ್ವಾಸವಿಲ್ಲ, ಏಕೆಂದರೆ ವಾಕ್ಯವನ್ನು ಕುಗ್ಗಿಸುವಾಗ ಅದರ ದಿಕ್ಕೇ ತಿರುಗಿಬಿಡಬಹುದು. 25 ಮತ್ತು ಅದಕ್ಕೂ ಹೆಚ್ಚು ಸೇದುವವರು ರೋಗಿಗಳಲ್ಲಿ 168, ಇತರರಲ್ಲಿ 84. ಇದನ್ನು ಕಂಡು ವಿದ್ಯಾರ್ಥಿನಿಯೊಬ್ಬಳು "ಹೆಚ್ಚು ಸೇದಿದರೆ ಕ್ಯಾನ್ಸರಿನ ಸಂಭವ ಇಮ್ಮಡಿ" ಎಂದು ಬರೆದಳು. ಆದರೆ ಈ ಅಧ್ಯಯನವು ಹೊರಟಿದ್ದು ರೋಗಿಗಳಿಂದ. ಅದು ನೇರವಾಗಿ ಹೇಳುವುದು ಕ್ಯಾನ್ಸರ್ ಬಂದವರಲ್ಲಿ ಅತಿಯಾಗಿ ಸೇದುವವರ ಪ್ರಮಾಣ ಇತರ ರೋಗಿಗಳಲ್ಲಿರುವುದರ ಎರಡರಷ್ಟು ಎಂಬುದನ್ನೇ ಹೊರತು, ಸೇದಿದವನಿಗೆ ರೋಗ ಬರುವ ಸಂಭವವನ್ನಲ್ಲ. ಸರಿಪಡಿಸಿದ ವಾಕ್ಯವು ಐದಾರು ಪದ ಉದ್ದವಾಯಿತು, ಉದ್ದವಾಗಿಯೇ ಉಳಿಯಿತು.

ಇನ್ನು ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆದ ವಿಷಯ. ಸಂದರ್ಶನದ ಸಮಯದಲ್ಲಿ ಶ್ವಾಸಕೋಶದ ಕ್ಯಾನ್ಸರೆಂದು ಭಾವಿಸಲಾಗಿದ್ದ ಕೆಲವರಿಗೆ ಆ ರೋಗವಿರಲಿಲ್ಲವೆಂದು ಅನಂತರ ತಿಳಿದುಬಂದ ಸಂಗತಿಯನ್ನು ಪ್ರಬಂಧದ ನಡುವಿನ ಕೋಷ್ಟಕವೊಂದು ಹೇಳುತ್ತದೆ. ತಪ್ಪು ನಿದಾನದ ರೋಗಿಗಳೆಂದು ಹತ್ತು ಮಂದಿಯಲ್ಲಿ ಒಂಬತ್ತು ವಿದ್ಯಾರ್ಥಿಗಳು ಇವರನ್ನು ಕಸದಂತೆ ಹೊರಹಾಕಿದ್ದರು. ಆದರೆ ಪೋಸ್ಟರಿನ ಮುಂದೆ ನಿಂತ ತಿಳಿದವನು ಮೊದಲು ಕೇಳುವ ಪ್ರಶ್ನೆ ಯಾವುದು? ಎದುರಿಗಿರುವವನು ಕ್ಯಾನ್ಸರ್ ರೋಗಿಯೆಂದು ಗೊತ್ತಿದ್ದ ಸಂದರ್ಶಕಿಯರು ಧೂಮಪಾನದ ಬಗ್ಗೆ ಹೆಚ್ಚು ಕೆದಕಿ ಕೇಳಿರಲಾರರೆ, ಎಂಬುದು. ಹಾಗೆ ಆಗಿದ್ದರೆ, ಅದೇ ತಪ್ಪು ನಂಬಿಕೆಯಿಂದ ಪ್ರಶ್ನಿಸಲ್ಪಟ್ಟ ಈ ಜನರೂ ಅತಿಯಾಗಿ ಸೇದುವವರಾಗಿಯೇ ದಾಖಲಾಗಬೇಕಿತ್ತು. ಆದರೆ ಅವರ ಅಭ್ಯಾಸಗಳು ನಿಜವಾದ ಕ್ಯಾನ್ಸರ್ ರೋಗಿಗಳನ್ನು ಹೋಲದೆ ಇತರರನ್ನೇ ಹೋಲುತ್ತಿದ್ದುವು. ಆಸ್ಪತ್ರೆಯ ಪ್ರಮಾದವೊಂದು ಸಂಶೋಧಕರಿಗೆ ಪರೀಕ್ಷೆಯಾಗಿ ಒದಗಿಬಂದ ಈ ಪ್ರಸಂಗವನ್ನು ಓದಿ ನಾನು ಸ್ವಲ್ಪ ಹೊತ್ತು ಪುಟ ತಿರುವದೆ ಕುಳಿತುಬಿಟ್ಟೆ. ಕೋಷ್ಟಕ ಹೋಯಿತು, ಆದರೆ ಒಂದು ಸಾಲು ಚಿತ್ರದ ಅಡಿಯಲ್ಲಿ ಬಂತು. ಅದರ ಕೆಳಗೆ ಇನ್ನೊಂದು ಸಾಲೂ ಬಂತು: ಹೊಗೆಯನ್ನು ಒಳಗೆಳೆದುಕೊಳ್ಳುವೆವೆಂದವರು ಸೇದುವ ಕ್ಯಾನ್ಸರ್ ರೋಗಿಗಳಲ್ಲಿ ಶೇಕಡ 61.6, ಸೇದುವ ಇತರರಲ್ಲಿ 67.2. ನಿರೀಕ್ಷೆಗೆ ವಿರುದ್ಧವಾದ ಈ ಅಂಕಿಯನ್ನೇ ಹಿಡಿದು ಮುಂದೆ ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಷರರು ಆಕ್ಷೇಪವೆತ್ತಿದರು. ಮೂಲ ಲೇಖಕರು ಮರೆಮಾಡದಿದ್ದುದನ್ನು ಪೋಸ್ಟರು ಮರೆಮಾಡುವುದು ಹೇಗೆ?

ಸಂಜೆ ಎಲ್ಲರೂ ತಮ್ಮ ಪೋಸ್ಟರನ್ನು ಎ4 ಹಾಳೆಗೆ ಕುಗ್ಗಿಸಿ ಮುದ್ರಿಸಿದರು. ಎ0 ಹಾಳೆಯ ಉದ್ದಗಲಗಳು ಎ4ರ ನಾಲ್ಕರಷ್ಟಿರುವುದರಿಂದ, ಸಣ್ಣ ಪ್ರತಿಯನ್ನು 40 ಸೆಂಟಿಮೀಟರ್ ದೂರ ಹಿಡಿದು ಓದುವುದೂ ದೊಡ್ಡದನ್ನು 160 ಸೆಂಟಿಮೀಟರ್ ದೂರ ನಿಂತು ಓದುವುದೂ ಕಣ್ಣಿಗೆ ಒಂದೇ. ತಪ್ಪು ನಿದಾನದ ಆ ಸಾಲು ಓದಲಾಗಲಿಲ್ಲ. ಶೀರ್ಷಿಕೆ ತಿದ್ದಿಸಿಕೊಂಡಿದ್ದ ಹುಡುಗಿ ಮೇಲ್ಭಾಗದ ಸಾರಾಂಶವನ್ನು ಇಡಿಯಾಗಿ ಅಳಿಸಿ, ಆ ಸಾಲಿನ ಅಕ್ಷರಗಳನ್ನು ದೊಡ್ಡದು ಮಾಡಿ, ಮತ್ತೊಂದು ಪ್ರತಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು.