ಲಾಭಾಂಶ ಸಾಲವಾಗುವ ದಿನ

ನಿರ್ದೇಶಕ ಮಂಡಳಿ ಷೇರಿಗೆ ಒಂದೂವರೆ ರೂಪಾಯಿ ಲಾಭಾಂಶ ಶಿಫಾರಸು ಮಾಡಿದೆ ಎಂದು ಪತ್ರಿಕೆಯಲ್ಲಿ ಓದಿದವರು ಹಣ ಬಂದೇಬಿಟ್ಟಿತು ಎಂದುಕೊಳ್ಳುತ್ತಾರೆ. ಆದರೆ ಆ ದಿನ ಕಂಪನಿಯ ಲೆಕ್ಕಪುಸ್ತಕದಲ್ಲಿ ಒಂದು ಗೆರೆಯೂ ಬಿದ್ದಿರುವುದಿಲ್ಲ.

ಹತ್ತು ಲಕ್ಷ ಷೇರುಗಳ ಒಂದು ಕಂಪನಿ ಇದೆ ಎಂದಿಟ್ಟುಕೊಳ್ಳಿ. 2024ರ ನವೆಂಬರ್ 6ರಂದು ಅದರ ಮಂಡಳಿ ಷೇರಿಗೆ ಒಂದು ರೂಪಾಯಿ ಮಧ್ಯಂತರ ಲಾಭಾಂಶ ಘೋಷಿಸಿತು. ಇದಕ್ಕೆ ಷೇರುದಾರರ ಒಪ್ಪಿಗೆ ಬೇಕಿಲ್ಲ. ಅಂದೇ ಜರ್ನಲ್‌ನಲ್ಲಿ ಉಳಿಕೆ ಲಾಭದ ಖಾತೆಗೆ ಹತ್ತು ಲಕ್ಷ ಡೆಬಿಟ್, ‘ಪಾವತಿಸಬೇಕಾದ ಮಧ್ಯಂತರ ಲಾಭಾಂಶ’ಕ್ಕೆ ಅಷ್ಟೇ ಕ್ರೆಡಿಟ್. ವರ್ಷ ಮುಗಿಯುವ ಮುನ್ನವೇ ಅದು ಪಾವತಿಯಾಗಿ ಹೋಯಿತು.

ಅಂತಿಮ ಲಾಭಾಂಶದ ದಾರಿ ಬೇರೆ. 2025ರ ಮಾರ್ಚ್ 31ಕ್ಕೆ ವರ್ಷ ಮುಗಿಯಿತು, ಮೇ 20ರಂದು ಮಂಡಳಿ ಷೇರಿಗೆ ಒಂದೂವರೆ ರೂಪಾಯಿ ಶಿಫಾರಸು ಮಾಡಿತು. ಘೋಷಿಸುವ ಅಧಿಕಾರ ವಾರ್ಷಿಕ ಮಹಾಸಭೆಯದು. ಸಾಮಾನ್ಯ ನಿಯಮಾವಳಿಯಂತೆ ಸಭೆ ಆ ಮೊತ್ತವನ್ನು ಇಳಿಸಬಹುದು, ಏರಿಸುವಂತಿಲ್ಲ. ಆದ್ದರಿಂದ ಮಾರ್ಚ್ ಆಸ್ತಿ-ಹೊಣೆ ಪಟ್ಟಿಯಲ್ಲಿ ಈ ಹದಿನೈದು ಲಕ್ಷ ಹೊಣೆಯಾಗಿ ಕಾಣುವುದಿಲ್ಲ, ಟಿಪ್ಪಣಿಯಲ್ಲಿ ಮಾತ್ರ ಇರುತ್ತದೆ. 2016ರ ತಿದ್ದುಪಡಿಗೆ ಮುಂಚೆ ನಾಲ್ಕನೇ ಲೆಕ್ಕಪತ್ರ ಮಾನದಂಡದಂತೆ ‘ಪ್ರಸ್ತಾವಿತ ಲಾಭಾಂಶ’ ಎಂದು ಅದೇ ವರ್ಷ ಬರೆಯುತ್ತಿದ್ದರು. ಹಳೆಯ ಬಿ.ಕಾಂ. ಪುಸ್ತಕ ಹಿಡಿದು ಕಲಿತವರ ಕೈ ಇಂದಿಗೂ ಅತ್ತ ಹೋಗುತ್ತದೆ. ಹಾಗೆ ಬರೆದರೆ ಇನ್ನೂ ಹುಟ್ಟದ ಸಾಲದಿಂದ ಮೀಸಲು ನಿಧಿ ಸುಮ್ಮನೆ ಕುಗ್ಗುತ್ತದೆ.

ಆಗಸ್ಟ್ 25ರ ಸಭೆ ಒಪ್ಪಿತು. ಸಾಲ ಹುಟ್ಟಿತು. ಮುಂದಿನ ನಮೂದುಗಳು ಹೀಗೆ:

ಘೋಷಣೆ: ಉಳಿಕೆ ಲಾಭ ಡೆಬಿಟ್ 15,00,000, ಪಾವತಿಸಬೇಕಾದ ಲಾಭಾಂಶ ಕ್ರೆಡಿಟ್ 15,00,000.

ಐದು ದಿನದೊಳಗೆ: ಲಾಭಾಂಶ ಬ್ಯಾಂಕ್ ಖಾತೆ ಡೆಬಿಟ್ 15,00,000, ಚಾಲ್ತಿ ಖಾತೆ ಕ್ರೆಡಿಟ್ 15,00,000.

ಪಾವತಿ: ಪಾವತಿಸಬೇಕಾದ ಲಾಭಾಂಶ ಡೆಬಿಟ್ 14,80,000, ಲಾಭಾಂಶ ಬ್ಯಾಂಕ್ ಖಾತೆ ಕ್ರೆಡಿಟ್ 13,75,000, ಕಟ್ಟಬೇಕಾದ ಟಿಡಿಎಸ್ ಕ್ರೆಡಿಟ್ 1,05,000.

ಟಿಡಿಎಸ್ ಕಟ್ಟಿದಾಗ: ಕಟ್ಟಬೇಕಾದ ಟಿಡಿಎಸ್ ಡೆಬಿಟ್ 1,05,000, ಲಾಭಾಂಶ ಬ್ಯಾಂಕ್ ಖಾತೆ ಕ್ರೆಡಿಟ್ 1,05,000.

ಟಿಡಿಎಸ್ ಎಲ್ಲರಿಗೂ ಬೀಳುವುದಿಲ್ಲ. ಆ ವರ್ಷ ಒಬ್ಬ ನಿವಾಸಿ ವ್ಯಕ್ತಿಗೆ ಒಂದು ಕಂಪನಿಯಿಂದ ಬರುವ ಲಾಭಾಂಶ ಹತ್ತು ಸಾವಿರ ದಾಟಿದರೆ ಮಾತ್ರ, ಶೇ. 10ರಂತೆ. ಸಣ್ಣ ಷೇರುದಾರರಿಗೆ ಪೂರ್ತಿ ಹಣ ಸಿಗುತ್ತದೆ.

ಬ್ಯಾಂಕ್ ಖಾತೆಯಲ್ಲಿ ಇಪ್ಪತ್ತು ಸಾವಿರ ಉಳಿಯಿತು. ವಿಳಾಸ ಬದಲಿಸಿದವರದು, ಬ್ಯಾಂಕ್ ವಿವರ ಕೊಡದವರದು, ತೀರಿಕೊಂಡವರದು. ಪಾವತಿಗಿರುವ ಮೂವತ್ತು ದಿನ ಸೆಪ್ಟೆಂಬರ್ 24ಕ್ಕೆ ಮುಗಿದ ಮೇಲೆ ಏಳು ದಿನದೊಳಗೆ ಇದನ್ನು ‘ಪಾವತಿಯಾಗದ ಲಾಭಾಂಶ’ದ ವಿಶೇಷ ಬ್ಯಾಂಕ್ ಖಾತೆಗೆ ವರ್ಗಾಯಿಸಬೇಕು. ಲಾಭಾಂಶದ ಹೊಣೆಯೂ ಅದೇ ಹೆಸರಿನ ಹೊಣೆಯಾಗಿ ಪುಸ್ತಕದಲ್ಲಿ ಉಳಿಯುತ್ತದೆ. ‘ಯಾರೂ ಕೇಳಲಿಲ್ಲವಲ್ಲ’ ಎಂದು ಇದನ್ನು ಇತರೆ ಆದಾಯಕ್ಕೆ ತಿರುಗಿಸುವಂತಿಲ್ಲ. ಎರಡೂ ಖಾತೆಗಳ ಬಾಕಿ ತಾಳೆಯಾಗದಿದ್ದರೆ ಲೆಕ್ಕಪರಿಶೋಧಕ ಮೊದಲು ಕೇಳುವುದು ಅದನ್ನೇ. ಏಳು ವರ್ಷ ಯಾರೂ ಬರದಿದ್ದರೆ ಹಣ ಕೇಂದ್ರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತದೆ. ಆಮೇಲೂ ವಾರಸುದಾರರು ಅರ್ಜಿ ಹಾಕಿ ಪಡೆಯಬಹುದು.